ಬಿಳಿ ಜಾಸ್ತಿಯಾದರೆ ಕನ್ನಡಕ ತೆಳ್ಳಗಾಗುತ್ತದೆ: ಒಂದು ಫ್ರೇಮ್ ಫೋಟೋದ ಪೂರ್ತಿ ಕಥೆ

ರಾಜಾಜಿನಗರದಲ್ಲಿ ಒಂದು ಹಳೇ ಆಪ್ಟಿಕಲ್ಸ್ ಅಂಗಡಿ ಇದೆ. ಅಪ್ಪ ಮಗ ಸೇರಿ ನಡೆಸುತ್ತಾರೆ. ಮಗ ಒಂದಷ್ಟು ಫ್ರೇಮ್‌ಗಳನ್ನು ಆನ್‌ಲೈನ್‌ನಲ್ಲಿ ಮಾರೋಣ ಅಂತ ಶುರು ಮಾಡಿದ್ದರು. ಫೋಟೋಗಳನ್ನು ಬೇರೆ ಯಾರೋ ತೆಗೆದುಕೊಟ್ಟಿದ್ದರು. ಮೊದಲ ನೋಟಕ್ಕೆ ಅವು ಚೆನ್ನಾಗಿಯೇ ಇದ್ದವು, ಬಿಳಿ ಹಿನ್ನೆಲೆ, ಎಲ್ಲಾ ಶಾರ್ಪ್. ಆದರೆ ಮಾಲು ವಾಪಸ್ ಬರತೊಡಗಿತು. ಅಸಿಟೇಟ್ ಅನ್ನುವ ಪ್ಲಾಸ್ಟಿಕ್ಕಿನ ಕಪ್ಪು ಫ್ರೇಮ್ ತಗೊಂಡವರು "ಫೋಟೋದಲ್ಲಿ ಇಷ್ಟು ದಪ್ಪ ಕಾಣಲಿಲ್ಲ" ಅಂದರು. ಚಿನ್ನದ ಬಣ್ಣದ ಮೆಟಲ್ ಫ್ರೇಮ್ ಅಂತೂ ಫೋಟೋದಲ್ಲಿ ಬರೀ ತಂತಿ, ಅದನ್ನು ಯಾರೂ ಕೊಳ್ಳಲೇ ಇಲ್ಲ. ಇನ್ನೊಬ್ಬರು "ಲೆನ್ಸ್ ಇಲ್ಲದೆ ಬರೀ ಫ್ರೇಮ್ ಕಳಿಸ್ತೀರಾ?" ಅಂತ ಕೇಳಿದ್ದರಂತೆ.

ನನ್ನ ಹತ್ತಿರ ಬಂದಾಗ ಅವರು ಕೇಳಿದ್ದು ಇಷ್ಟೇ: "ಸರ್, ಇದನ್ನ ಫೋಟೋಶಾಪ್‌ನಲ್ಲಿ ಸರಿ ಮಾಡಕ್ಕಾಗುತ್ತಾ?" ಆಗಲ್ಲ ಅಂದೆ. ಯಾಕೆ ಅಂತ ಇಲ್ಲಿ ಬರೆಯುತ್ತಿದ್ದೇನೆ, ಏಕೆಂದರೆ ಲೆನ್ಸ್ ಮಾಯ ಆಗಿದ್ದು, ಫ್ರೇಮ್ ತೆಳ್ಳಗಾಗಿದ್ದು, ಕಿವಿಯ ಮೇಲೆ ಕೂರುವ ಕಡ್ಡಿಗಳು ಗಲೀಜಾಗಿ ಕಂಡಿದ್ದು ಮೂರು ಬೇರೆ ಬೇರೆ ತೊಂದರೆ ಅಂತ ಅವರು ಅಂದುಕೊಂಡಿದ್ದರು. ನಿಜಕ್ಕೂ ಮುಖ್ಯ ಕಾರಣ ಎರಡೇ. ಬಿಳಿ ಬೇಕಿದ್ದಕ್ಕಿಂತ ಜಾಸ್ತಿ ಇತ್ತು, ಕ್ಯಾಮೆರಾ ಬೇಕಿದ್ದಕ್ಕಿಂತ ಹತ್ತಿರ ಇತ್ತು.

ಕಪ್ಪು ಫ್ರೇಮನ್ನೇ ಮುಖ್ಯವಾಗಿ ತಗೋತೀನಿ. ಅದರ ಕಡ್ಡಿಯ ಒಳಗಡೆ 52□18-140 ಅಂತ ಬರೆದಿತ್ತು. ಲೆನ್ಸಿನ ಅಗಲ 52 ಮಿ.ಮೀ., ಮೂಗಿನ ಮೇಲಿನ ಸೇತುವೆ 18, ಕಡ್ಡಿಯ ಉದ್ದ 140. ಎರಡು ಲೆನ್ಸ್ ಮತ್ತು ಸೇತುವೆ ಸೇರಿ 122 ಆಯಿತು. ಎರಡೂ ಪಕ್ಕದಲ್ಲಿ, ಲೆನ್ಸ್ ಮುಗಿದ ಮೇಲೆ ಕಡ್ಡಿ ಸೇರುವ ಜಾಗದವರೆಗೆ, ಸುಮಾರು 9 ಮಿ.ಮೀ. ಪಟ್ಟಿ. ಒಟ್ಟು ಮುಂಭಾಗ 140 ಮಿ.ಮೀ. ಈ 9 ಮಿ.ಮೀ. ಪಟ್ಟಿಯನ್ನು ನೆನಪಿಡಿ, ಕಡ್ಡಿಗಳ ವಿಷಯ ಪೂರ್ತಿ ಅದರ ಮೇಲೇ ನಿಂತಿದೆ.

ಹಳೇ ಫೋಟೋ ತೆಗೆದ ರೀತಿಯನ್ನು ಮಗ ವಿವರಿಸಿದರು. ಬಿಳಿ ಬಟ್ಟೆಯ ಡಬ್ಬ, ಅದೇ ಲೈಟ್ ಟೆಂಟ್, ಸುತ್ತ ಲೈಟು, ಮುಂದೆ ಒಂದು ತೂತಿನಿಂದ ಸುಮಾರು ಒಂದಡಿ ದೂರದಲ್ಲಿ ಕ್ಯಾಮೆರಾ. ಬಳೆ, ಡಬ್ಬಿ, ಪೆನ್ನಿಗೆಲ್ಲ ಇದು ನಡೆಯುತ್ತದೆ. ಕನ್ನಡಕಕ್ಕೆ ಇದರಷ್ಟು ಕೆಟ್ಟ ಜಾಗ ಇನ್ನೊಂದಿಲ್ಲ.

ಮೊದಲು ಲೆನ್ಸ್. ಹೊಸ ಫ್ರೇಮ್‌ನಲ್ಲಿ ಬರುವುದು ಡಮ್ಮಿ ಲೆನ್ಸ್, ಸಾದಾ ಪ್ಲಾಸ್ಟಿಕ್. ನಾವು ಕನ್ನಡಕಕ್ಕೆ ಹಾಕಿಸಿಕೊಳ್ಳುವ ನಂಬರಿನ ಲೆನ್ಸ್‌ನ ಹಾಗೆ ಪ್ರತಿಫಲನ ತಡೆಯುವ ಕೋಟಿಂಗ್ ಅದಕ್ಕಿರುವುದಿಲ್ಲ. ಹಾಗಾಗಿ ಮೇಲೆ ಬಿದ್ದ ಬೆಳಕಿನಲ್ಲಿ ಮುಂದಿನ ಮೈ ಸುಮಾರು ನೂರಕ್ಕೆ 4 ಪಾಲು, ಹಿಂದಿನ ಮೈ ಇನ್ನೊಂದು 4 ಪಾಲು ವಾಪಸ್ ಎಸೆಯುತ್ತದೆ. ಒಟ್ಟು 8. ಕಡಿಮೆ ಅನ್ನಿಸುತ್ತದೆ, ಅಲ್ವಾ? ಎಲ್ಲಿ ಬೀಳುತ್ತದೆ ಅನ್ನುವುದರ ಮೇಲೆ ಹೋಗುತ್ತದೆ.

ಲೆನ್ಸಿನ ಹಿಂದೆ ಬಿಳಿ ಇದ್ದರೆ, ಹಿಂದಿನಿಂದ 92 ಪಾಲು ಬಿಳಿ ಹಾದು ಬರುತ್ತದೆ, ಮುಂದಿನ ಬಿಳಿ ಟೆಂಟ್‌ನಿಂದ 8 ಪಾಲು ಸೇರುತ್ತದೆ. ಒಟ್ಟು ಮತ್ತೆ 100. ಅಂದರೆ ಲೆನ್ಸ್ ಇರುವ ಜಾಗಕ್ಕೂ ಇಲ್ಲದ ಜಾಗಕ್ಕೂ ವ್ಯತ್ಯಾಸವೇ ಉಳಿಯಲಿಲ್ಲ. ಲೆನ್ಸ್ ಮಾಯ! "ಬರೀ ಫ್ರೇಮ್ ಕಳಿಸ್ತೀರಾ" ಅಂತ ಕೇಳಿದವರ ತಪ್ಪೇನೂ ಇಲ್ಲ.

ಅದೇ ಲೆನ್ಸಿನ ಹಿಂದೆ ಕಪ್ಪು ಕಡ್ಡಿ ಹಾದುಹೋಗಿದೆ ಅನ್ನಿ. ಅಲ್ಲಿ ಹಿಂದಿನಿಂದ ಬರುವ ಬೆಳಕು ಹೆಚ್ಚುಕಡಿಮೆ ಸೊನ್ನೆ. ಮೇಲೆ ಕೂತಿರುವುದು ಟೆಂಟ್‌ನ ಆ 8 ಪಾಲು ಮಾತ್ರ. ಸ್ಕ್ರೀನಿನ 0 ರಿಂದ 255ರ ಅಳತೆಯಲ್ಲಿ ಇದು 20 ಆಗಬೇಕಲ್ಲ ಅನ್ನಿಸಬಹುದು, ಆದರೆ ಚಿತ್ರದ ಫೈಲು ಕತ್ತಲಿನ ಕಡೆಗೆ ಜಾಸ್ತಿ ಜಾಗ ಕೊಡುತ್ತದೆ, ಹಾಗಾಗಿ ಅದು 80ರ ಹತ್ತಿರ ಹೋಗಿ ಕೂರುತ್ತದೆ. 80 ಅಂದರೆ ಕಪ್ಪಲ್ಲ, ಮಾಸಿದ ಬೂದು. ಲೆನ್ಸಿನ ಹೊರಗೆ ಕಡ್ಡಿ ಕಪ್ಪು, ಒಳಗೆ ಅದೇ ಕಡ್ಡಿ ಬೂದು. ಹಳೇ ಫೋಟೋದಲ್ಲಿ ಲೆನ್ಸ್ "ಮಂಜು ಹಿಡಿದಂಗೆ" ಕಾಣುತ್ತದೆ ಅಂತ ಅಂಗಡಿಯವರು ಹೇಳುತ್ತಿದ್ದದ್ದು ಇದನ್ನೇ. ಲೆನ್ಸ್ ಎಷ್ಟು ಒರೆಸಿದರೂ ಹೋಗಲಿಲ್ಲ ಅಂದರು. ಹೋಗುವುದಿಲ್ಲ, ಅದು ಕೊಳೆಯಲ್ಲ.

ಇಲ್ಲಿ ಒಂದು ಮಾತು. ಕನ್ನಡಕದ ಲೆನ್ಸಿನಲ್ಲಿ ಹೊಳಪು ತೋರಿಸಬೇಕು ಅಂದರೆ ಬಿಳಿ ಪಟ್ಟೆ ಹೊಡೆಯಬೇಕು ಅಂತ ಬಹಳ ಜನ ನಂಬಿದ್ದಾರೆ. ಬಿಳಿ ಹಿನ್ನೆಲೆಯ ಮೇಲೆ ಸಾದಾ ಲೆನ್ಸಿಗೆ ಇದು ನಡೆಯಲ್ಲ. 255ಕ್ಕಿಂತ ಬಿಳಿ ಇನ್ನೊಂದಿಲ್ಲವಲ್ಲ! ಅಲ್ಲಿ ಲೆನ್ಸನ್ನು ತೋರಿಸುವುದು ಬೆಳಕಲ್ಲ, ಚೂರು ಕತ್ತಲು. ಲೆನ್ಸಿನ ಎದುರಿಗೆ ಕಪ್ಪು ಇಟ್ಟರೆ ಆ 8 ಪಾಲು ಸೇರುವುದಿಲ್ಲ, ಹಿಂದಿನ 92 ಮಾತ್ರ ಉಳಿಯುತ್ತದೆ, ಸ್ಕ್ರೀನಿನಲ್ಲಿ ಅದು ಸುಮಾರು 246. ಹೊರಗೆ 255, ಒಳಗೆ 246. ಕಣ್ಣಿಗೆ ಬೇರೆಯಾಗಿ ಎದ್ದು ಕಾಣದು, ಆದರೆ "ಇಲ್ಲಿ ಗಾಜಿದೆ" ಅಂತ ಗೊತ್ತಾಗುತ್ತದೆ.

ಆದರೆ ಇದಕ್ಕೊಂದು ಷರತ್ತಿದೆ. ಹಿನ್ನೆಲೆ ಸರಿಯಾಗಿ ಬಿಳಿಯ ಅಂಚಿಗೆ ಬಂದು ನಿಂತಿರಬೇಕು. ಹಿನ್ನೆಲೆಯ ಲೈಟನ್ನು ಒಂದು ಸ್ಟಾಪ್ ಜಾಸ್ತಿ ಮಾಡಿದರೂ, ಅಂದರೆ ಎರಡರಷ್ಟು, ಲೆನ್ಸ್ ಹಾದು ಬರುವ 92 ಪಾಲು 184 ಆಗುತ್ತದೆ, ಅದೂ 255ಕ್ಕೆ ತಗುಲಿ ಸತ್ತುಹೋಗುತ್ತದೆ. ಮತ್ತೆ ಲೆನ್ಸ್ ಮಾಯ. ಆನ್‌ಲೈನ್ ಮಾರುಕಟ್ಟೆಗಳು ಹಿನ್ನೆಲೆ ಶುದ್ಧ ಬಿಳಿಯೇ ಇರಬೇಕು ಅನ್ನುವುದರಿಂದ ಜನ ಸೇಫ್ ಆಗಿರಲಿ ಅಂತ ಲೈಟು ಏರಿಸಿಬಿಡುತ್ತಾರೆ. ಹಳೇ ಫೋಟೋಗಳಲ್ಲೂ ಹಾಗೇ ಆಗಿತ್ತು.

ಈಗ ನಾವು ಮಾಡಿದ್ದು. ಟೆಂಟ್ ತೆಗೆದೆವು. ಹಿನ್ನೆಲೆಗೆ ಬಿಳಿ ಅಕ್ರಿಲಿಕ್ ಶೀಟ್, ಅದರ ಹಿಂದಿನಿಂದ ಒಂದು ಲೈಟು, ಫ್ರೇಮಿಗೂ ಶೀಟಿಗೂ ಮಧ್ಯೆ ಸಾಕಷ್ಟು ಜಾಗ. ಹಿನ್ನೆಲೆಯ ಅಳತೆ 250 ದಾಟಿ 255 ಮುಟ್ಟುವಲ್ಲಿಗೆ ನಿಲ್ಲಿಸಿದೆ. ಎರಡು ಪಕ್ಕದಿಂದ ಬೆಳಕನ್ನು ಮೃದು ಮಾಡುವ ಉದ್ದನೆ ಸಾಫ್ಟ್‌ಬಾಕ್ಸ್, ತುಸು ಹಿಂದಕ್ಕೆ ಸರಿಸಿ. ಕ್ಯಾಮೆರಾದ ಮುಂದೆ ಕಪ್ಪು ವೆಲ್ವೆಟ್ ಬಟ್ಟೆ, ಮಧ್ಯದಲ್ಲಿ ಕ್ಯಾಮೆರಾ ನೋಡುವಷ್ಟೇ ತೂತು. ವೆಲ್ವೆಟ್ ಚಿಕ್ಕಪೇಟೆಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಕಪ್ಪು ಚಾರ್ಟ್ ಪೇಪರ್ ಮಿಂಚುತ್ತದೆ, ಅದು ಬೇಡ.

ಕಪ್ಪು ಬಟ್ಟೆ ಎಷ್ಟು ಅಗಲ ಬೇಕು ಅನ್ನುವುದಕ್ಕೆ ಲೆಕ್ಕ ಇದೆ. ಲೆನ್ಸ್ ಉಬ್ಬಿದ ಕನ್ನಡಿ ಇದ್ದ ಹಾಗೆ, ತನ್ನ ಅಗಲಕ್ಕಿಂತ ಎಷ್ಟೋ ದೊಡ್ಡ ಜಾಗವನ್ನು ಹಿಡಿದು ತೋರಿಸುತ್ತದೆ. ಎಷ್ಟು ಉಬ್ಬು ಅನ್ನುವುದನ್ನು ಆಪ್ಟಿಕಲ್ಸ್‌ನವರು ಬೇಸ್ ಕರ್ವ್ ಅಂತ ಹೇಳುತ್ತಾರೆ. 530ನ್ನು ಆ ನಂಬರಿನಿಂದ ಭಾಗಿಸಿದರೆ ಉಬ್ಬಿನ ತ್ರಿಜ್ಯ ಮಿ.ಮೀ.ನಲ್ಲಿ ಸಿಗುತ್ತದೆ. ಈ ಫ್ರೇಮಿನದು 4, ಅಂದರೆ ತ್ರಿಜ್ಯ ಸುಮಾರು 132. 52 ಮಿ.ಮೀ. ಅಗಲದ ಲೆನ್ಸಿಗೆ ಇದು ನೇರಕ್ಕಿಂತ ಎರಡೂ ಕಡೆ ಸುಮಾರು 23 ಡಿಗ್ರಿವರೆಗೆ ಇರುವುದನ್ನೆಲ್ಲ ಕ್ಯಾಮೆರಾಗೆ ಎಸೆಯುತ್ತದೆ. ಫ್ರೇಮಿನಿಂದ 60 ಸೆಂ.ಮೀ. ಮುಂದೆ ಬಟ್ಟೆ ಕಟ್ಟಿದರೆ ಒಂದು ಲೆನ್ಸಿಗೇ ಅರ್ಧ ಮೀಟರಿಗಿಂತ ಜಾಸ್ತಿ ಅಗಲ ಬೇಕು. ಮುಖದ ಆಕಾರಕ್ಕೆ ಫ್ರೇಮ್ ಬಾಗಿರುವುದರಿಂದ ಎಡ ಲೆನ್ಸ್ ಇನ್ನೂ ಎಡಕ್ಕೆ, ಬಲದ್ದು ಬಲಕ್ಕೆ ನೋಡುತ್ತಿರುತ್ತದೆ. ಸುಮಾರು ಒಂದು ಮೀಟರ್ ಬಟ್ಟೆ ಕಟ್ಟಿದೆವು. ಲೆಕ್ಕ ಬೇಡ ಅನ್ನುವವರಿಗೆ ಸುಲಭದ ದಾರಿ ಇದೆ. ಒಬ್ಬರು ಕ್ಯಾಮೆರಾದಲ್ಲಿ ನೋಡುತ್ತಿರಲಿ, ಇನ್ನೊಬ್ಬರು ಕೋಲಿಗೆ ಬಿಳಿ ಹಾಳೆ ಅಂಟಿಸಿ ಸುತ್ತ ಆಡಿಸಲಿ. ಹಾಳೆ ಲೆನ್ಸಿನಲ್ಲಿ ಕಂಡ ಜಾಗವೆಲ್ಲ ಲೆನ್ಸಿನ ಕಣ್ಣಿಗೆ ಬಿದ್ದ ಜಾಗ.

ಪೂರ್ತಿ ಕಪ್ಪು ಮಾಡಿದರೆ ಎರಡೂ ಲೆನ್ಸ್ ಒಂದೇ ಸಮ 246ರ ಬೂದು, ಸಪ್ಪೆ. ಹಾಗಾಗಿ ಮೇಲಿನ ಎಡಮೂಲೆಯಲ್ಲಿ ಬಟ್ಟೆ ತುಸು ಸರಿಸಿ ಬಟರ್ ಪೇಪರ್ ಇಳಿಬಿಟ್ಟೆ. ಅದರ ಒಂದು ಅಂಚಿಗೆ ಮಾತ್ರ ಲೈಟು ಹತ್ತಿರ, ಇನ್ನೊಂದು ಅಂಚಿಗೆ ಬರುವಷ್ಟರಲ್ಲಿ ಬೆಳಕು ಕರಗಿಹೋಗಬೇಕು. ಲೆನ್ಸಿನ ಮೇಲ್ಮೂಲೆ ಬಿಳಿಗೆ ಹತ್ತಿರವಾಗಿ, ಕೆಳಗೆ ಬರುತ್ತ ನಿಧಾನವಾಗಿ ಬೂದಾಯಿತು. ಎರಡೂ ಲೆನ್ಸಿನಲ್ಲಿ ಹೊಳಪು ಒಂದೇ ದಿಕ್ಕಿನಿಂದ ಬರಬೇಕು ಅನ್ನುವುದನ್ನು ಮರೆಯಬಾರದು. ಫೋಟೋಶಾಪ್‌ನಲ್ಲಿ ಒಂದು ಲೆನ್ಸ್ ಮಾಡಿ ಇನ್ನೊಂದಕ್ಕೆ ತಿರುಗಿಸಿ ಅಂಟಿಸಿದ ಫೋಟೋಗಳು ಬೇಕಾದಷ್ಟಿವೆ, ಎಡದ್ದು ಎಡದಿಂದ, ಬಲದ್ದು ಬಲದಿಂದ ಹೊಳೆಯುತ್ತಿರುತ್ತದೆ. ಕಂಡುಹಿಡಿಯಲು ಒಂದು ಕ್ಷಣ ಸಾಕು.

ಮಧ್ಯದಲ್ಲಿ ಅಂಗಡಿಯ ಮಗ "ಕ್ಯಾಮೆರಾಗೆ ಪೋಲರೈಸರ್ ಫಿಲ್ಟರ್ ಹಾಕಿದ್ರೆ ಪ್ರತಿಫಲನ ಹೋಗುತ್ತಂತಲ್ಲ ಸರ್?" ಅಂದರು. ನೇರ ಮುಂದಿನಿಂದ ತೆಗೆಯುವಾಗ ಅದರಿಂದ ಪ್ರಯೋಜನ ಇಲ್ಲ. ಈ ಪ್ಲಾಸ್ಟಿಕ್ಕಿಗೆ ಅದು ಚೆನ್ನಾಗಿ ಕೆಲಸ ಮಾಡುವುದು ಬೆಳಕು ಸುಮಾರು 56 ಡಿಗ್ರಿ ಓರೆಯಾಗಿ ಬಂದಾಗ. ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ಆದರಂತೂ ಇನ್ನೂ ಮಜಾ, ಫಿಲ್ಟರ್ ತಿರುಗಿಸುತ್ತ ಹೋದರೆ ಲೆನ್ಸೇ ಇದ್ದಿಲಿನ ಹಾಗೆ ಕಪ್ಪಾಗಿಬಿಡುತ್ತದೆ.

ಇನ್ನು ದಪ್ಪ. ಜಾಸ್ತಿ ಉರಿಯುವ ಬಿಳಿ ಹಿನ್ನೆಲೆ ಲೆನ್ಸನ್ನಷ್ಟೇ ಅಲ್ಲ, ಫ್ರೇಮಿನ ಅಂಚನ್ನೂ ತಿನ್ನುತ್ತದೆ. ಬೆಳಕು ಅಂಚಿನ ಮೇಲೆ ಚೆಲ್ಲಿ ಕಪ್ಪು ಎಲ್ಲಿ ಮುಗಿಯಿತು ಅನ್ನುವ ಗೆರೆ ಒಳಕ್ಕೆ ಸರಿಯುತ್ತದೆ. ಅದರ ಮೇಲೆ ಹಿನ್ನೆಲೆ ಕತ್ತರಿಸುವವರು "ಬಿಳಿ ಗೆರೆ ಉಳಿಯದಿರಲಿ" ಅಂತ ಕತ್ತರಿಸುವ ಗೆರೆಯನ್ನು, ಅದೇ ಮಾಸ್ಕನ್ನು, ಇನ್ನೂ ಒಂದೆರಡು ಪಿಕ್ಸೆಲ್ ಒಳಗೆ ತಳ್ಳುತ್ತಾರೆ.

ಇದು ಎಷ್ಟು ಕೆಟ್ಟದ್ದು ಅನ್ನುವುದನ್ನು ಆ ಮೆಟಲ್ ಫ್ರೇಮ್ ತೋರಿಸಿತು. ಫೋಟೋ 2000 ಪಿಕ್ಸೆಲ್ ಅಗಲ, ಅದರಲ್ಲಿ ನೂರಕ್ಕೆ 85ರಷ್ಟು ಜಾಗ ಫ್ರೇಮಿನದು, ಅಂದರೆ 1700 ಪಿಕ್ಸೆಲ್‌ನಲ್ಲಿ 140 ಮಿ.ಮೀ. ಒಂದು ಮಿ.ಮೀ.ಗೆ ಸುಮಾರು 12 ಪಿಕ್ಸೆಲ್. ಲೆನ್ಸಿನ ಸುತ್ತಲಿನ ಮೆಟಲ್ ರಿಮ್ಮಿನ ಅಗಲ ಒಂದು ಮಿ.ಮೀ. ಎರಡೂ ಕಡೆ ಎರಡೆರಡು ಪಿಕ್ಸೆಲ್ ಕೊರೆದರೆ 12ರಲ್ಲಿ 4 ಹೋಯಿತು. ಮೂರನೇ ಒಂದು ಭಾಗ! ತಂತಿ ಆಗದೆ ಇನ್ನೇನಾಗುತ್ತದೆ? ಅದೇ ನಾಲ್ಕು ಪಿಕ್ಸೆಲ್ ಕಪ್ಪು ಫ್ರೇಮಿನ 5 ಮಿ.ಮೀ. ರಿಮ್ಮಿನಲ್ಲಿ ಹೋದರೆ ಗೊತ್ತೂ ಆಗಲ್ಲ. ಹಾಗಾಗಿ ಎಲ್ಲಾ ಫ್ರೇಮಿಗೂ ಒಂದೇ ಸೆಟ್ಟಿಂಗ್ ಹಾಕಿ ಒಟ್ಟಿಗೆ ಕತ್ತರಿಸುವ ಅಭ್ಯಾಸ ತೆಳು ಫ್ರೇಮುಗಳಿಗೆ ಮಾತ್ರ ಹೊಡೆತ ಕೊಡುತ್ತದೆ, ಅದಕ್ಕೇ ಅದು ಬೇಗ ಯಾರ ಕಣ್ಣಿಗೂ ಬೀಳುವುದಿಲ್ಲ.

ಪರೀಕ್ಷೆ ಮಾಡುವುದು ಸುಲಭ. ವರ್ನಿಯರ್‌ನಲ್ಲಿ ರಿಮ್ ಅಳೆಯಿರಿ. ಫೋಟೋದಲ್ಲಿ ಲೆನ್ಸಿನ ಅಗಲ ಎಷ್ಟು ಪಿಕ್ಸೆಲ್ ಇದೆ ನೋಡಿ, ಅದು 52 ಮಿ.ಮೀ. ಅಂತ ಗೊತ್ತಲ್ಲ, ಆ ಲೆಕ್ಕದಲ್ಲಿ ರಿಮ್ ಎಷ್ಟು ಬರುತ್ತದೆ ನೋಡಿ. ಎರಡೂ ಹೊಂದದಿದ್ದರೆ ಫೋಟೋ ಸುಳ್ಳು ಹೇಳುತ್ತಿದೆ. ಮೆಟಲ್ ಫ್ರೇಮಿಗೆ ನಾವು ಕತ್ತರಿಸುವ ಕೆಲಸವನ್ನೇ ಬಿಟ್ಟೆವು. ಹಿನ್ನೆಲೆ ಕ್ಯಾಮೆರಾದಲ್ಲೇ ಬಿಳಿ ಬಂದಿದ್ದರೆ ಮಾಸ್ಕ್ ಯಾಕೆ ಬೇಕು? ಮೂಲೆಗಳಲ್ಲಿ ಉಳಿದ ಚೂರು ಬೂದನ್ನು ಒರೆಸಿದರೆ ಸಾಕು, ಅಂಚು ಮುಟ್ಟುವ ಪ್ರಮೇಯವೇ ಬರಲ್ಲ.

ಆದರೆ ಕಪ್ಪು ಫ್ರೇಮಿನ ದೂರು ಬೇರೆ ಇತ್ತು. ಅದರ ಮುಂದಿನ ಅಗಲ ಫೋಟೋದಲ್ಲಿ ಸರಿಯಾಗೇ ಇತ್ತು. ಜನ ದಪ್ಪ ಅಂದಿದ್ದು ಮುಂದಿನಿಂದ ಹಿಂದಕ್ಕೆ ಇರುವ ದಪ್ಪವನ್ನು, ಅಸಿಟೇಟ್ ಶೀಟಿನ 4 ಮಿ.ಮೀ. ಅದು ನೇರ ಫೋಟೋದಲ್ಲಿ ಕಾಣಲು ಸಾಧ್ಯವೇ ಇಲ್ಲ, ಫ್ರೇಮನ್ನು ತುಸು ಪಕ್ಕಕ್ಕೆ ತಿರುಗಿಸಿ ತೆಗೆದ ಮುಕ್ಕಾಲು ಕೋನದ ಫೋಟೋದಲ್ಲಿ ಕಾಣಬೇಕು. ಅಂಗಡಿಯವರ ಹತ್ತಿರ ಆ ಫೋಟೋನೂ ಇತ್ತು, ಆದರೆ ಮುಂದಿನ ಮೈಯೂ ಕಪ್ಪು, ಪಕ್ಕದ ಮೈಯೂ ಅದೇ ಕಪ್ಪು, ಎಲ್ಲಿ ತಿರುಗಿತು ಅನ್ನುವುದೇ ಗೊತ್ತಾಗುತ್ತಿರಲಿಲ್ಲ. ಕಾಗದ ಕತ್ತರಿಸಿ ಅಂಟಿಸಿದಂತಿತ್ತು.

ಕಪ್ಪು ಹೊಳಪಿನ ವಸ್ತುವಿನ ಆಕಾರ ತೋರಿಸುವುದು ಅದರಲ್ಲಿ ಕಾಣುವ ಪ್ರತಿಫಲನ ಮಾತ್ರ. ಹಾಗಾಗಿ ಮುಂದಿನ ಮೈಗೆ ಕಪ್ಪು ಬಟ್ಟೆ ಎದುರು ಇರಲಿ ಅಂತ ಬಿಟ್ಟು, ಪಕ್ಕದ ಅಂಚಿಗೆ ಮಾತ್ರ ಬೆರಳಗಲದ ಬಿಳಿ ಕಾರ್ಡ್ ಪಟ್ಟಿ ಹತ್ತಿರ ತಂದೆ. ಕೈಯಲ್ಲಿ ಹಿಡಿದು ಮೆಲ್ಲಗೆ ಓರೆ ಮಾಡುತ್ತ ಹೋದರೆ ಒಂದು ಕೋನದಲ್ಲಿ ಅಂಚಿನುದ್ದಕ್ಕೂ ಬೆಳ್ಳನೆ ಗೆರೆ ಎದ್ದು ನಿಲ್ಲುತ್ತದೆ, ಮೇಲಿನ ಮೂಲೆಯಿಂದ ಶುರುವಾಗಿ ಕೆನ್ನೆಯ ಕಡೆಯ ತಿರುವಿನವರೆಗೆ. ಅಲ್ಲೇ ಸ್ಟ್ಯಾಂಡಿಗೆ ಕಚ್ಚಿಸಬೇಕು. ಆ ಗೆರೆಯ ಅಗಲವೇ ಫ್ರೇಮಿನ ದಪ್ಪ. ಸ್ಕ್ರೀನಿನಲ್ಲಿ ನೋಡಿದ ತಕ್ಷಣ ಅಪ್ಪ "ಹಾಂ, ಈಗ ಮಾಲು ಮಾಲಿನ ಥರ ಕಾಣ್ತಿದೆ" ಅಂದರು.

ಕಡೆಗೆ ಕಡ್ಡಿಗಳು. ನನಗೆ ಕೇಳಿದರೆ ಕನ್ನಡಕದ ಫೋಟೋದಲ್ಲಿ ಅತಿ ಹೆಚ್ಚು ಗಲೀಜು ಮಾಡುವುದು ಇವೇ. ನೇರ ಫೋಟೋದಲ್ಲಿ ಲೆನ್ಸಿನೊಳಗೆ ಎರಡು ಕಪ್ಪು ಕೋಲು ಓರೆಯಾಗಿ ಬಂದು, ತುದಿಯಲ್ಲಿ ಬಾಗಿ, ಒಂದು ಇನ್ನೊಂದಕ್ಕಿಂತ ಮೇಲೆ. ಜನ ಇದನ್ನು ಅಳಿಸಲು ಕೂರುತ್ತಾರೆ, ಅಳಿಸಿದ ಜಾಗದಲ್ಲಿ ಲೆನ್ಸಿನ ಬೂದು ಹೊಂದುವುದಿಲ್ಲ.

ಈಗ ಆ 9 ಮಿ.ಮೀ. ಪಟ್ಟಿಗೆ ಬನ್ನಿ. ಕಡ್ಡಿಗಳು ಒಂದಕ್ಕೊಂದು ಸಮಾನಾಂತರವಾಗಿ ನೇರ ಹಿಂದಕ್ಕೆ ಹೋಗಿವೆ ಅನ್ನೋಣ. ದೂರದ್ದು ಚಿಕ್ಕದಾಗಿ ಕಾಣುತ್ತದೆ, ಹಾಗಾಗಿ ತುದಿಗಳು ಮಧ್ಯದ ಕಡೆ ಸರಿದಂತೆ ಕಾಣುತ್ತವೆ. ಕ್ಯಾಮೆರಾ 30 ಸೆಂ.ಮೀ. ದೂರದಲ್ಲಿದ್ದರೆ ತುದಿ 44 ಸೆಂ.ಮೀ. ದೂರ. ಮಧ್ಯದಿಂದ 70 ಮಿ.ಮೀ.ನಲ್ಲಿ ಇರಬೇಕಾದ ತುದಿ 48ರಲ್ಲಿ ಕಾಣುತ್ತದೆ. ಲೆನ್ಸಿನ ಹೊರ ಅಂಚು 61ರಲ್ಲಿದೆ. ಅಂದರೆ ತುದಿ ಲೆನ್ಸಿನೊಳಗೆ 13 ಮಿ.ಮೀ. ನುಗ್ಗಿ ಕೂತಿದೆ. ಕ್ಯಾಮೆರಾವನ್ನು 1.2 ಮೀಟರ್ ದೂರಕ್ಕೆ ಒಯ್ದರೆ ಅದೇ ತುದಿ ಸುಮಾರು 63ರಲ್ಲಿ ಕಾಣುತ್ತದೆ. 61 ಮತ್ತು 70ರ ಮಧ್ಯೆ, ರಿಮ್ಮಿನ ಹಿಂದೆ ಅಡಗಿಹೋಯಿತು. ಯಾವ ಎಡಿಟಿಂಗೂ ಬೇಡ, ಬರೀ ಹಿಂದಕ್ಕೆ ಹೋಗಿದ್ದು. ಅಷ್ಟು ದೂರದಿಂದ ಕನ್ನಡಕ ಫೋಟೋ ತುಂಬ ಬರಬೇಕಾದರೆ, ದೂರದ್ದನ್ನು ಹತ್ತಿರ ತೋರಿಸುವ ಉದ್ದ ಟೆಲಿ ಲೆನ್ಸ್ ಬೇಕು, ಅದು ನಿಜ. ಮೊಬೈಲಿನಲ್ಲಿ ತೆಗೆಯುವವರು ಕೂಡ ಹತ್ತಿರ ಹೋಗದೆ, ಟೆಲಿ ಲೆನ್ಸ್ ಇದ್ದರೆ ಅದರಲ್ಲಿ, ಹಿಂದೆ ನಿಂತು ತೆಗೆದರೆ ಅರ್ಧ ಕಾಟ ತಪ್ಪುತ್ತದೆ.

ಆದರೆ ನಿಜವಾದ ಕಡ್ಡಿಗಳು ಸಮಾನಾಂತರ ಇರುವುದಿಲ್ಲ, ತಲೆಯನ್ನು ಹಿಡಿಯಲಿ ಅಂತ ತುದಿ ಒಳಕ್ಕೆ ಬಾಗಿರುತ್ತದೆ. ಮೀನು ಹಿಡಿಯುವ ನೈಲಾನ್ ದಾರ ಕಟ್ಟಿ ಎರಡೂ ತುದಿಗಳನ್ನು ಹೊರಕ್ಕೆ ಎಳೆದು ಹಿಡಿದೆವು. ಸ್ಪ್ರಿಂಗ್ ಇಲ್ಲದ ಕೀಲಾದರೆ ಜಾಸ್ತಿ ಎಳೆಯಬಾರದು, ಸಡಿಲ ಆಗುತ್ತದೆ. ಕ್ಯಾಮೆರಾದ ಎತ್ತರ ಸರಿಯಾಗಿ ಕೀಲಿನ ಮಟ್ಟಕ್ಕಿರಬೇಕು. 5 ಸೆಂ.ಮೀ. ಮೇಲೆ ಹೋದರೂ ತುದಿಗಳು 5 ಮಿ.ಮೀ.ನಷ್ಟು ಮೇಲೆದ್ದು ರಿಮ್ಮಿನ ತಲೆಯ ಮೇಲೆ ಕೊಂಬಿನಂತೆ ಇಣುಕುತ್ತವೆ, ಕೆಳಗೆ ಹೋದರೆ ಲೆನ್ಸಿನೊಳಗೆ ಇಳಿಯುತ್ತವೆ.

ಇಷ್ಟೆಲ್ಲ ಮಾಡಿದರೂ ಒಂದು ಕಡ್ಡಿ ಮಾತ್ರ ಕೆಳಗೇ ಉಳಿಯಿತು. ಕ್ಯಾಮೆರಾ ಲೆವೆಲ್, ಟೇಬಲ್ ಲೆವೆಲ್, ಎಲ್ಲಾ ನೋಡಿದ್ದಾಯಿತು. ಅಪ್ಪ ಎದ್ದು ಬಂದು ಫ್ರೇಮನ್ನು ಗಾಜಿನ ಮೇಜಿನ ಮೇಲೆ ತಲೆಕೆಳಗಾಗಿ ಇಟ್ಟರು. ಎರಡು ರಿಮ್ಮಿನ ಮೇಲಂಚು, ಎರಡು ಕಡ್ಡಿ, ಎಲ್ಲವೂ ಮೇಜಿಗೆ ತಾಗಬೇಕು. ಒಂದು ಕಡ್ಡಿ ಎದ್ದು ನಿಂತಿತ್ತು, ಬೆರಳಿಟ್ಟರೆ ಟಕ್ ಟಕ್ ಅಂತ ಅಲುಗುತ್ತಿತ್ತು. "ಇದು ನಿಮ್ಮ ಕೆಲಸ ಅಲ್ಲ, ನಮ್ಮದು ಬಿಡಿ" ಅಂತ ಹೇಳಿ, ಅಂಗಡಿಗೆ ಒಯ್ದು ಹೀಟರಿನಲ್ಲಿ ಅಸಿಟೇಟ್ ಬಿಸಿ ಮಾಡಿ, ಕೀಲಿನ ಹತ್ತಿರ ಹೆಬ್ಬೆರಳಿನಿಂದ ಒತ್ತಿ ಸರಿ ಮಾಡಿ ತಂದರು. ಡಬ್ಬದಿಂದ ತೆಗೆದ ಹೊಸ ಫ್ರೇಮ್ ನೆಟ್ಟಗಿರುತ್ತದೆ ಅಂತ ನಂಬಬೇಡಿ. ಶೂಟಿಂಗಿಗೆ ಮೊದಲೇ ಎಲ್ಲವನ್ನೂ ಹೀಗೆ ಒಮ್ಮೆ ಮೇಜಿನ ಮೇಲೆ ಮಗುಚಿ ನೋಡುವುದು ಆಮೇಲೆ ಅಲ್ಲಿಯ ನಿಯಮವಾಯಿತು.

ಕೊಳೆಯ ವಿಷಯ ಬೇಗ ಮುಗಿಸುತ್ತೇನೆ. ಬಾರ್‌ಕೋಡ್ ಸ್ಟಿಕ್ಕರಿನ ಅಂಟು ಕಡ್ಡಿಯ ಮೇಲೆ ಉಳಿದಿರುತ್ತದೆ, ಅದನ್ನು ತೆಗೆಯಲು ಅಸಿಟೋನ್ ಅಥವಾ ಅದು ಇರುವ ನೇಲ್ ಪಾಲಿಶ್ ರಿಮೂವರ್ ಮುಟ್ಟಿಸಿದರೆ ಅಸಿಟೇಟ್ ಕರಗುತ್ತದೆ. ಸೋಪಿನ ನೀರು, ತಾಳ್ಮೆ. ಡಮ್ಮಿ ಲೆನ್ಸನ್ನು ಒಣ ಬಟ್ಟೆಯಲ್ಲಿ ಉಜ್ಜಿದರೆ ಸ್ಟಾಟಿಕ್ ಹಿಡಿದು ರಸ್ತೆ ಧೂಳೆಲ್ಲ ಅಂಟುತ್ತದೆ. ನಮ್ಮೂರಲ್ಲಿ ಧೂಳಿಗೇನು ಬರ ಇಲ್ಲ. ತೊಳೆದು, ಬ್ಲೋವರಿನಲ್ಲಿ ಊದಿ, ನೈಟ್ರೈಲ್ ಗ್ಲೌಸ್ ಹಾಕಿ ಮುಟ್ಟಬೇಕು. ಹತ್ತಿಯ ಗ್ಲೌಸ್ ಎಳೆ ಬಿಡುತ್ತದೆ.

ರೀಟಚ್ ಮಾಡುವ ಹುಡುಗನಿಗೆ ಬರೆದುಕೊಟ್ಟಿದ್ದು ಚಿಕ್ಕದು. ದಾರ ಅಳಿಸು. ಧೂಳು ಅಳಿಸು. ಡಮ್ಮಿ ಲೆನ್ಸಿನ ಮೇಲಿನ ಅಚ್ಚು ಅಳಿಸು. ರಿಮ್ಮಿನ ಅಂಚು ಮುಟ್ಟಬೇಡ, ಕಡ್ಡಿಯ ಒಳಗಿನ ಅಳತೆ ಅಳಿಸಬೇಡ, ಕೀಲಿನ ಸ್ಕ್ರೂ ಅಳಿಸಬೇಡ. ಕೊಳ್ಳುವವರು ಅದನ್ನೇ ಜೂಮ್ ಮಾಡಿ ನೋಡುತ್ತಾರೆ.

ಚೌಕದ ಫ್ರೇಮಿಗೆ ಇದೆಲ್ಲ ಸಲೀಸು, ಕಿವಿಯ ಹಿಂದೆ ಬಾಗುವ ತುದಿಯೂ ರಿಮ್ಮಿನ ನೆಟ್ಟನೆ ಪಕ್ಕದ ಹಿಂದೆ ಅಡಗುತ್ತದೆ. ಗುಂಡು ಫ್ರೇಮಿನಲ್ಲಿ ರಿಮ್ ಕೆಳಗೆ ಒಳಕ್ಕೆ ತಿರುಗುವುದರಿಂದ ಆ ತುದಿ ಹೊರಗೆ ಕಂಡೇ ಕಾಣುತ್ತದೆ. ಅದನ್ನು ಹಾಗೇ ಬಿಟ್ಟೆವು, ಎರಡೂ ಕಡೆ ಒಂದೇ ಎತ್ತರದಲ್ಲಿ ಇದ್ದರೆ ಕಣ್ಣಿಗೆ ಚುಚ್ಚುವುದಿಲ್ಲ. ಬೇಸ್ ಕರ್ವ್ 6ರ ಕೂಲಿಂಗ್ ಗ್ಲಾಸುಗಳಿಗೆ ಒಂದು ಲೆನ್ಸಿಗೇ 60 ಸೆಂ.ಮೀ. ದೂರದಲ್ಲಿ 80 ಸೆಂ.ಮೀ. ಅಗಲದ ಬಟ್ಟೆ ಬೇಕು, ನನ್ನ ರೂಮಿನಲ್ಲಿ ಅಷ್ಟು ಜಾಗ ಮಾಡಲು ಬೀರು ಸರಿಸಬೇಕಾಯಿತು. ಅವಕ್ಕೆ ಬಟರ್ ಪೇಪರಿನ ಹೊಳಪು ಚೆನ್ನಾಗಿ ಕೂರುತ್ತದೆ, ಕಪ್ಪು ಲೆನ್ಸಿನ ಮೇಲೆ ಬಿಳಿಗೆ ಜಾಗ ಇದೆಯಲ್ಲ. ಕನ್ನಡಿ ಕೋಟಿಂಗಿನವು ಮಾತ್ರ ಇನ್ನೂ ಪೆಟ್ಟಿಗೆಯಲ್ಲೇ ಇವೆ. ಅವುಗಳಲ್ಲಿ ವೆಲ್ವೆಟ್ಟಿನ ತೂತೂ ಅದರ ಹಿಂದಿನ ಕ್ಯಾಮೆರಾನೂ ಸ್ಪಷ್ಟವಾಗಿ ಕಾಣುತ್ತದೆ, ಅದನ್ನು ಕೈಯಿಂದ ಒಂದೊಂದಾಗಿ ತೆಗೆಯುವ ಖರ್ಚು ಆ ಬೆಲೆಯ ಕನ್ನಡಕಕ್ಕೆ ಗಿಟ್ಟುವುದಿಲ್ಲ ಅಂತ ಅಪ್ಪ ಮಗ ಇಬ್ಬರೂ ಹೇಳಿದರು, ನಾನೂ ಒಪ್ಪಿದೆ.